ಸೈಟೋ ಫ್ಲ್ಯಾಟೋ: ಉತ್ತರ ಇರುವುದು ಬಿ ಷೆಡ್ಯೂಲಿನಲ್ಲಿ

ಬೆಂಗಳೂರಿನ ಬಾಡಿಗೆ ಮನೆಯಲ್ಲಿರುವ ಕುಟುಂಬವೊಂದು ಅಷ್ಟೋ ಇಷ್ಟೋ ಕೂಡಿಟ್ಟು, ಉಳಿದದ್ದಕ್ಕೆ ಸಾಲ ಮಾಡೋಣ ಎಂದು ಹೊರಟ ದಿನವೇ ಮನೆಯೊಳಗೆ ಎರಡು ಪಕ್ಷಗಳಾಗುತ್ತವೆ. ಊರಿನಿಂದ ಬಂದ ಮಾವ, "ಮಣ್ಣಿನ ಮೇಲೆ ಹಾಕಿದ ದುಡ್ಡು ಎಲ್ಲಿಗೂ ಹೋಗಲ್ಲ ಕಣಮ್ಮ, ಸೈಟು ತಗೊಳ್ಳಿ" ಅನ್ನುತ್ತಾರೆ. ಸೊಸೆ, "ಸೈಟಲ್ಲಿ ಟೆಂಟು ಹಾಕ್ಕೊಂಡು ಇರೋಕಾಗುತ್ತಾ ಮಾವ? ಅಲ್ಲೀತನಕ ಬಾಡಿಗೆ ಯಾರು ಕಟ್ಟೋದು?" ಅನ್ನುತ್ತಾಳೆ. ಇಬ್ಬರ ಮಾತೂ ಸರಿಯೇ. ವಾದ ವರ್ಷಗಟ್ಟಲೆ ನಡೆಯುವುದು ಯಾರೂ ಕಾಗದ ಪೆನ್ಸಿಲು ಹಿಡಿಯದ ಕಾರಣಕ್ಕೆ.

ಮಾವನ ಮಾತಿನ ಹಿಂದಿರುವ ತತ್ವ ಸರಳ. ನೆಲಕ್ಕೆ ವಯಸ್ಸಾಗುವುದಿಲ್ಲ, ಕಟ್ಟಡಕ್ಕೆ ಆಗುತ್ತದೆ. ಲಿಫ್ಟು ಕೆಡುತ್ತದೆ, ಪೈಪು ಸೋರುತ್ತದೆ, ಹದಿನೈದು ವರ್ಷದ ಹಳೇ ಅಡುಗೆಮನೆಗೆ ಹೊಸದರ ಬೆಲೆ ಯಾರೂ ಕೊಡುವುದಿಲ್ಲ. ಆದರೆ ಫ್ಲ್ಯಾಟ್ ಕೊಂಡವರಿಗೂ ನೆಲದ ಪಾಲಿದೆ ಎನ್ನುವುದನ್ನು ಮಾವನೂ ಮರೆತಿರುತ್ತಾರೆ, ಸೊಸೆಯೂ ಮರೆತಿರುತ್ತಾಳೆ. ಆ ಪಾಲು ಎಷ್ಟು ಎಂಬುದು ಬಣ್ಣದ ಬ್ರೋಷರಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅದು ಇರುವುದು ಕ್ರಯಪತ್ರದ ಕೊನೆಯ ಪುಟಗಳಲ್ಲಿ.

ಬೆಂಗಳೂರಿನ ಫ್ಲ್ಯಾಟುಗಳ ಕ್ರಯಪತ್ರದಲ್ಲಿ ಸಾಮಾನ್ಯವಾಗಿ ಮೂರು ಷೆಡ್ಯೂಲುಗಳು ಇರುತ್ತವೆ. ಎ ಷೆಡ್ಯೂಲಿನಲ್ಲಿ ಇಡೀ ಅಪಾರ್ಟ್‌ಮೆಂಟ್ ನಿಂತಿರುವ ಜಮೀನಿನ ವಿವರ, ಚಕ್ಕುಬಂದಿ. ಬಿ ಷೆಡ್ಯೂಲಿನಲ್ಲಿ ಆ ಜಮೀನಿನಲ್ಲಿ ನಿಮಗೆ ಬರುವ ಅವಿಭಜಿತ ಪಾಲು. ವ್ಯವಹಾರದ ಮಾತಿನಲ್ಲಿ ಇದೇ ಯುಡಿಎಸ್. ಸಿ ಷೆಡ್ಯೂಲಿನಲ್ಲಿ ನಿಮ್ಮ ಫ್ಲ್ಯಾಟಿನ ನಂಬರು, ಮಹಡಿ, ವಿಸ್ತೀರ್ಣ, ಕಾರು ನಿಲ್ಲಿಸುವ ಜಾಗ. ಜನ ಸಿ ಷೆಡ್ಯೂಲನ್ನು ಎರಡು ಸಲ ಓದುತ್ತಾರೆ, ಬಿ ಷೆಡ್ಯೂಲಿನ ಮೇಲೆ ಕಣ್ಣಾಡಿಸಿ ಸಹಿ ಹಾಕುತ್ತಾರೆ. ಸಂಪತ್ತು ಬೆಳೆಯುವುದು ಮಾತ್ರ ಬಿ ಷೆಡ್ಯೂಲಿನಲ್ಲಿ. ನೆಲಮಹಡಿಯ ಮೇಲೆ ಮೂರು ಮಹಡಿ ಇರುವ ಹಳೇ ಅಪಾರ್ಟ್‌ಮೆಂಟಿನಲ್ಲಿ ಈ ಪಾಲು ದೊಡ್ಡದಿರುತ್ತದೆ. ಇಪ್ಪತ್ತು ಮಹಡಿಯ ಗೋಪುರದಲ್ಲಿ ಅದೇ ಜಾಗವನ್ನು ಹೆಚ್ಚು ಮನೆಗಳು ಹಂಚಿಕೊಳ್ಳುವುದರಿಂದ ನಿಮ್ಮ ಕೈಗೆ ಬರುವುದು ಚೂರು.

ಈಗ ಲೆಕ್ಕಕ್ಕೆ ಕೂರೋಣ. ಅಂಕಿಗಳು ಉದಾಹರಣೆಗೆ ಇಟ್ಟುಕೊಂಡವು. ನಿಮ್ಮ ಬಡಾವಣೆಯ ದರ ಹಾಕಿಕೊಂಡು ನೀವೇ ತಿದ್ದಿಕೊಳ್ಳಿ. ಕುಟುಂಬದ ಮುಂದೆ ಎರಡು ಆಯ್ಕೆ, ಎರಡಕ್ಕೂ 75 ಲಕ್ಷ ರೂಪಾಯಿ. ಒಂದು, ಊರಾಚೆಯ ಥರ್ಟಿ ಫಾರ್ಟಿ ಸೈಟು, ಅಂದರೆ 1,200 ಚದರಡಿ, ಅಡಿಗೆ 6,250 ರೂಪಾಯಿ. ಇನ್ನೊಂದು, ಸ್ವಲ್ಪ ಒಳಗಿರುವ, ವಾಸಕ್ಕೆ ಸಿದ್ಧವಾದ ಎರಡು ಬೆಡ್‌ರೂಮಿನ ಫ್ಲ್ಯಾಟು. ಅದರ ಬಿ ಷೆಡ್ಯೂಲಿನಲ್ಲಿ 450 ಚದರಡಿ ಎಂದಿದೆ. ಆ ಸುತ್ತಮುತ್ತ ಖಾಲಿ ಸೈಟು ಅಡಿಗೆ 8,000 ರೂಪಾಯಿಗೆ ಹೋಗುತ್ತಿದೆ. ಹಾಗಾದರೆ 75 ಲಕ್ಷದಲ್ಲಿ 36 ಲಕ್ಷ ನೆಲಕ್ಕೆ ಹೋಯಿತು, 39 ಲಕ್ಷ ಸಿಮೆಂಟು, ಕಬ್ಬಿಣ, ಲಿಫ್ಟು, ಬಿಲ್ಡರನ ಲಾಭಕ್ಕೆ ಹೋಯಿತು.

ಹದಿನೈದು ವರ್ಷ ಮುಂದಕ್ಕೆ ಹೋಗೋಣ. ನೆಲದ ಬೆಲೆ ವರ್ಷಕ್ಕೆ ಶೇ 7ರಂತೆ ಏರಿದರೆ ಸೈಟು ಸುಮಾರು 2.07 ಕೋಟಿ ಆಗುತ್ತದೆ. ಫ್ಲ್ಯಾಟಿನ ನೆಲದ ಪಾಲು 99 ಲಕ್ಷ ಆಗುತ್ತದೆ. ಕಟ್ಟಡ ಒಂದು ಕಡೆ ಸವೆಯುತ್ತದೆ, ಇನ್ನೊಂದು ಕಡೆ ಕಟ್ಟುವ ಖರ್ಚು ಏರುತ್ತಿರುತ್ತದೆ. ಎರಡೂ ಹೊಂದಿ ಅದು 39 ಲಕ್ಷದಲ್ಲೇ ನಿಂತಿತು ಎಂದುಕೊಂಡರೆ ಫ್ಲ್ಯಾಟಿನ ಬೆಲೆ 1.38 ಕೋಟಿ. ಸೈಟು 69 ಲಕ್ಷ ಮುಂದೆ. ಇಲ್ಲಿಗೆ ನಿಲ್ಲಿಸಿದರೆ ಮಾವ ಗೆದ್ದರು.

ಆದರೆ ಸೊಸೆಯ ಪ್ರಶ್ನೆ ಹಾಗೇ ಉಳಿದಿದೆ. ಸೈಟು ಕೊಂಡ ಮೇಲೂ ಬಾಡಿಗೆ ನಿಲ್ಲುವುದಿಲ್ಲ. ಇಂದು ತಿಂಗಳಿಗೆ 25,000 ರೂಪಾಯಿ, ವರ್ಷಕ್ಕೆ ಶೇ 5 ಏರಿಕೆ. ಫ್ಲ್ಯಾಟಿನಲ್ಲಿ ಈ ಬಾಡಿಗೆ ಉಳಿಯುತ್ತದೆ, ಬದಲಿಗೆ ಮೇಂಟೆನೆನ್ಸ್ ಎಂದು ತಿಂಗಳಿಗೆ 4,000 ಕಟ್ಟಬೇಕು. ನಿವ್ವಳ ಉಳಿತಾಯ 21,000. ಅದನ್ನು ಕೂಡಿಟ್ಟು ಪ್ರತಿ ವರ್ಷದ ಕೊನೆಗೆ ಶೇ 7 ಬರುವ ಕಡೆ ಹಾಕುತ್ತಾ ಹೋದರೆ, ಉಳಿತಾಯವೂ ಬಾಡಿಗೆಯ ಜೊತೆಗೇ ಏರುವುದರಿಂದ, ಹದಿನೈದು ವರ್ಷಕ್ಕೆ ಸುಮಾರು 86 ಲಕ್ಷ ಆಗುತ್ತದೆ. ಈಗ ಫ್ಲ್ಯಾಟಿನ ಕಡೆ ಒಟ್ಟು 2.24 ಕೋಟಿ. ಗೆಲುವು ಸೊಸೆಯದು.

ನೆಲ ವರ್ಷಕ್ಕೆ ಶೇ 8ರಂತೆ ಏರಿದರೆ ಎರಡೂ ಹೆಚ್ಚುಕಡಿಮೆ ಸಮ, ಎರಡು ಕಡೆಯೂ 2.4 ಕೋಟಿಯ ಹತ್ತಿರ. ಶೇ 10ರಂತೆ ಏರಿದರೆ ಸೈಟು 38 ಲಕ್ಷ ಮುಂದೆ. ಶೇ 5ಕ್ಕೆ ಇಳಿದರೆ ಫ್ಲ್ಯಾಟು ಆರಾಮಾಗಿ ಮುಂದೆ. ಹಾಗಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಈ ಜಾಗದ ಬೆಲೆ ಹದಿನೈದು ವರ್ಷ ಬಿಡದೆ ಶೇ 8ಕ್ಕಿಂತ ಜಾಸ್ತಿ ಏರುತ್ತದೆಂದು ನಂಬಲು ಏನು ಆಧಾರ? ಮೆಟ್ರೋ ಬರುತ್ತದಂತೆ, ವರ್ತುಲ ರಸ್ತೆ ಬರುತ್ತದಂತೆ ಎಂಬ ಅಂತೆಕಂತೆಗಳ ಬೆಲೆಯನ್ನು ಮಾರುವವನು ದರದಲ್ಲಿ ಆಗಲೇ ಸೇರಿಸಿಕೊಂಡಿರುತ್ತಾನೆ. ಬಿಡಿಎಯೇ ಮಾಡಿದ ನಾಡಪ್ರಭು ಕೆಂಪೇಗೌಡ ಬಡಾವಣೆಯಲ್ಲಿ 2016ರಲ್ಲಿ ಸೈಟು ಹಂಚಿಕೆಯಾದವರೂ ನೀರು, ಒಳಚರಂಡಿಗೆ ವರ್ಷಗಟ್ಟಲೆ ಕಾದರು.

ಇಲ್ಲಿ ಒಂದು ಮಾತು ಹೇಳಲೇಬೇಕು. ಆ 86 ಲಕ್ಷ ಬರುವುದು 21,000 ರೂಪಾಯಿಯನ್ನು ನಿಜವಾಗಿ ಎತ್ತಿಟ್ಟರೆ ಮಾತ್ರ. ಅದು ಹೊಸ ಕಾರಿನ ಕಂತಿಗೆ, ಮದುವೆ ಮುಂಜಿಗೆ ಕರಗಿಹೋದರೆ ಸೊಸೆಯ ಲೆಕ್ಕ ಬಿದ್ದುಹೋಗುತ್ತದೆ. ಸೈಟಿನ ಸಾಲ ಹಾಗಲ್ಲ, ಕತ್ತು ಹಿಡಿದು ಉಳಿಸಿಸುತ್ತದೆ. ಎಷ್ಟೋ ಮನೆಗಳಲ್ಲಿ ಸೈಟು ಕೊಂಡವರೇ ಶ್ರೀಮಂತರಾದದ್ದರ ಗುಟ್ಟು ಇದೇ ಎಂದು ನನ್ನ ಅನಿಸಿಕೆ.

ಆದರೆ ಕತ್ತು ತಡೆದುಕೊಳ್ಳಬೇಕಲ್ಲ. ಬರಿ ಸೈಟಿಗೆ ಬ್ಯಾಂಕುಗಳು ಸಾಮಾನ್ಯವಾಗಿ ಮನೆಸಾಲಕ್ಕಿಂತ ತುಸು ಹೆಚ್ಚು ಬಡ್ಡಿ ಹಾಕುತ್ತವೆ, ಕಡಿಮೆ ವರ್ಷದ ಅವಧಿ ಕೊಡುತ್ತವೆ, ಇಷ್ಟು ವರ್ಷದೊಳಗೆ ಮನೆ ಕಟ್ಟಬೇಕೆಂಬ ಷರತ್ತೂ ಹಾಕಬಹುದು. 55 ಲಕ್ಷದ ಸಾಲ ಫ್ಲ್ಯಾಟಿಗಾದರೆ ಶೇ 8.5ರ ಬಡ್ಡಿಗೆ 20 ವರ್ಷ, ಕಂತು ಸುಮಾರು 47,700. ಸೈಟಿಗೆ ಶೇ 9ರಂತೆ 15 ವರ್ಷ ಸಿಕ್ಕಿದರೆ ಕಂತು ಸುಮಾರು 55,800, ಅದರ ಮೇಲೆ ಬಾಡಿಗೆ 25,000. ತಿಂಗಳಿಗೆ 52,000 ಎಲ್ಲಿ, 81,000 ಎಲ್ಲಿ! ಕೈಗೆ 1.2 ಲಕ್ಷ ಬರುವ ಮನೆಯಲ್ಲಿ ಮಕ್ಕಳ ಫೀಸು ಕಟ್ಟುವ ಜೂನ್ ತಿಂಗಳಲ್ಲಿ ಇದರ ಅರ್ಥ ತಿಳಿಯುತ್ತದೆ. ಮಧ್ಯದಲ್ಲಿ ಕೈಸೋತು ಐದನೇ ವರ್ಷಕ್ಕೆ ಸೈಟು ಮಾರಿದವರಿಗೆ ಹದಿನೈದನೇ ವರ್ಷದ ಲಾಭ ಸಿಗುವುದಿಲ್ಲ. ನೋಂದಣಿ ಖರ್ಚನ್ನೂ ಮರೆಯಬೇಡಿ. 2025ರ ಆಗಸ್ಟ್ ಕೊನೆಗೆ ಕರ್ನಾಟಕದಲ್ಲಿ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿದೆ. 75 ಲಕ್ಷದ ಆಸ್ತಿಗೆ ಮುದ್ರಾಂಕವೂ ಸೇರಿ ಶೇ 7.6ರ ಆಸುಪಾಸು, ಅಂದರೆ 5.7 ಲಕ್ಷ ಕೈಯಿಂದಲೇ ಹೋಗುತ್ತದೆ.

ಇನ್ನು ಕಾಗದಪತ್ರ. ಸೈಟಿನ ವಿಷಯದಲ್ಲಿ ಲಾಭ ನಷ್ಟದ ಲೆಕ್ಕವೆಲ್ಲ ಇದರ ಮುಂದೆ ಸಣ್ಣದು, ಏಕೆಂದರೆ ಹಕ್ಕು ಕೆಟ್ಟರೆ ಇಡೀ 75 ಲಕ್ಷವೇ ಹೋಗುತ್ತದೆ. "ಪಂಚಾಯಿತಿ ಖಾತಾ ಇದೆ ಸಾರ್" ಎಂದು ಏಜೆಂಟು ಹೇಳಿದರೆ ಏನೂ ಹೇಳಿದಂತಾಗಲಿಲ್ಲ. ಖಾತಾ ತೆರಿಗೆ ಕಟ್ಟಲು ಇರುವ ದಾಖಲೆ, ಹಕ್ಕುಪತ್ರ ಅಲ್ಲ. ಮೊದಲು ಕೇಳಬೇಕಾದ್ದು ಕೃಷಿ ಜಮೀನನ್ನು ವಾಸಕ್ಕೆ ಪರಿವರ್ತಿಸಿದ ಜಿಲ್ಲಾಧಿಕಾರಿಯ ಆದೇಶ, ಅಂದರೆ ಡಿಸಿ ಕನ್ವರ್ಷನ್. ಆಮೇಲೆ ಯೋಜನಾ ಪ್ರಾಧಿಕಾರ ಒಪ್ಪಿದ ಲೇಔಟ್ ನಕ್ಷೆ, ಅದರಲ್ಲಿ ನಿಮ್ಮ ಸೈಟಿನ ನಂಬರು, ಮತ್ತು ಆ ಸೈಟನ್ನು ಪ್ರಾಧಿಕಾರ ಬಿಡುಗಡೆ ಮಾಡಿದ ಪತ್ರ. ಇವಿಲ್ಲದ್ದು ರೆವಿನ್ಯೂ ಸೈಟು. ಅರ್ಧ ಬೆಲೆಗೆ ಸಿಗುತ್ತದೆ ಎನ್ನುವುದೇ ಅದರ ಗುರುತು.

ಪರಿವರ್ತನೆಯಾಗಿದ್ದರೂ ಹಿಂದಕ್ಕೆ ಹೋಗಬೇಕು. ಜಮೀನು ಪರಿಶಿಷ್ಟ ಜಾತಿ ಅಥವಾ ಪಂಗಡದ ಕುಟುಂಬಕ್ಕೆ ಸರ್ಕಾರ ಮಂಜೂರು ಮಾಡಿದ್ದಾಗಿದ್ದರೆ, 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಅನುಮತಿ ಇಲ್ಲದೆ ಮಾರಿದ್ದು ಊರ್ಜಿತವಾಗುವುದಿಲ್ಲ. 2023ರ ತಿದ್ದುಪಡಿಯ ನಂತರ ಅದನ್ನು ಮರಳಿ ಕೇಳಲು ಕಾಲಮಿತಿಯೂ ಇಲ್ಲ. ಆ ಕುಟುಂಬಕ್ಕೆ ನ್ಯಾಯವೇ, ಆದರೆ ನೋಡದೆ ಕೊಂಡವರು ಬೀದಿಗೆ. ಹಳೇ ಪಹಣಿ, ಮ್ಯುಟೇಶನ್ ತೆಗೆಸಿದರೆ ಜಮೀನು ಮಂಜೂರಾದದ್ದೋ ಪಿತ್ರಾರ್ಜಿತವೋ ಗೊತ್ತಾಗುತ್ತದೆ. ಕಾವೇರಿ ಪೋರ್ಟಲಿನಲ್ಲಿ ಇಸಿ ತೆಗೆಸಿ ಕ್ರಯ, ಅಡಮಾನ, ವಿಭಾಗ ಎಲ್ಲವೂ ಒಂದಕ್ಕೊಂದು ಕೊಂಡಿಯಂತೆ ಕೂಡುತ್ತವೆಯೇ ನೋಡಬೇಕು. ವಿಭಾಗಪತ್ರದಲ್ಲಿ ಹೆಣ್ಣುಮಕ್ಕಳ ಸಹಿ ಇಲ್ಲದಿದ್ದರೆ ವಕೀಲರನ್ನು ಕೇಳದೆ ಮುಂದೆ ಹೋಗಬಾರದು. ದಿಶಾಂಕ್ ಆ್ಯಪ್ ತೆರೆದು ಜಾಗದಲ್ಲಿ ನಿಂತರೆ ಸರ್ವೆ ನಂಬರು, ಪಕ್ಕದ ಕೆರೆ, ರಾಜಕಾಲುವೆ ಕಾಣುತ್ತವೆ. ಬರೀ ಜಿಪಿಎ ಮೇಲೆ ಕೊಳ್ಳುವ ಮಾತಂತೂ ಬೇಡ. ಅದರಿಂದ ಮಾಲೀಕತ್ವ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿಯಾಗಿದೆ.

ಸಿದ್ಧ ಫ್ಲ್ಯಾಟಿನಲ್ಲಿ ಹುಡುಕಬೇಕಾದ್ದು ಕಡಿಮೆ. ಆಕ್ಯುಪೆನ್ಸಿ ಸರ್ಟಿಫಿಕೇಟ್ ಇರಬೇಕು, ಇದ್ದರೆ ಬಿಲ್ಡರನಿಂದ ಕೊಂಡರೂ ಜಿಎಸ್‌ಟಿ ಬೀಳುವುದಿಲ್ಲ. ಇ-ಖಾತಾ ಇರಬೇಕು. ಎಲ್ಲ ಮನೆಗಳ ಬಿ ಷೆಡ್ಯೂಲು ಕೂಡಿದರೆ ಎ ಷೆಡ್ಯೂಲಿನ ಜಮೀನಿಗೆ ಸಮನಾಗಬೇಕು. ಆಗದಿದ್ದರೆ ಬಿಲ್ಡರ್ ಮುಂದೆ ಇನ್ನೊಂದು ಬ್ಲಾಕ್ ಎಬ್ಬಿಸಲು ಜಾಗ ಇಟ್ಟುಕೊಂಡಿರಬಹುದು. ಮತ್ತೆ ನೀರು. 2024ರ ಬೇಸಿಗೆಯಲ್ಲಿ ಬೋರು ಬತ್ತಿ ಟ್ಯಾಂಕರಿಗೆ ಬಿದ್ದ ಅಪಾರ್ಟ್‌ಮೆಂಟುಗಳಲ್ಲಿ ಮೇಂಟೆನೆನ್ಸ್ ಎಲ್ಲಿಗೆ ಹೋಯಿತೆಂದು ಅಲ್ಲಿಯವರನ್ನೇ ಕೇಳಿ.

ನನ್ನ ತೀರ್ಮಾನ ಇಷ್ಟು. ಮೂರ್ನಾಲ್ಕು ವರ್ಷದಲ್ಲಿ ಕಟ್ಟಿ, ಕೆಳಗೆ ತಾವಿದ್ದು ಮೇಲಿನ ಮನೆಯನ್ನು ಬಾಡಿಗೆಗೋ ಭೋಗ್ಯಕ್ಕೋ ಕೊಡುವ ಶಕ್ತಿ ಇದ್ದರೆ ಸೈಟಿನಷ್ಟು ಒಳ್ಳೆಯದು ಬೇರೆ ಇಲ್ಲ. ಬಾಡಿಗೆ ತಪ್ಪುತ್ತದೆ, ನೆಲ ಪೂರ್ತಿ ನಿಮ್ಮದು. ಆ ಶಕ್ತಿ ಇಲ್ಲದೆ ಬಾಡಿಗೆ ಕಟ್ಟುತ್ತಾ ಕಾಯುವುದಾದರೆ, ನೆಲದ ಪಾಲು ದೊಡ್ಡದಿರುವ, ಹೆಚ್ಚು ಎತ್ತರವಿಲ್ಲದ ಅಪಾರ್ಟ್‌ಮೆಂಟಿನ ಸಿದ್ಧ ಫ್ಲ್ಯಾಟನ್ನೇ ತೆಗೆದುಕೊಳ್ಳಿ. ಯಾವುದೇ ಆಗಲಿ, ಮುಂಗಡ ಕೊಡುವ ಮೊದಲು ಕ್ರಯಪತ್ರದ ಕರಡು ಕೇಳಿ. ಕೊಡಲು ಹಿಂದೆಮುಂದೆ ನೋಡುವವರಿಗೆ ಮುಂಗಡ ಕೊಡಬೇಡಿ.