ತೊಟ್ಟಿಕ್ಕುವ ನಲ್ಲಿಯ ಲೆಕ್ಕ

10 ಗಂಟೆಗೆ ಬರುತ್ತೇನೆಂದ ಪ್ಲಂಬರ್ ಬಂದದ್ದು 12ಕ್ಕೆ. ಆದರೆ ತಡವಾಗುತ್ತದೆಂದು ಮೊದಲೇ ಫೋನ್ ಮಾಡಿದ್ದರು, ಹಾಗಾಗಿ ನಾನು ಅಂಕ ಕಳೆಯಲಿಲ್ಲ.

ಬಚ್ಚಲಿನ ಹಳೇ ಹಿತ್ತಾಳೆ ನಲ್ಲಿ ತೊಟ್ಟಿಕ್ಕುತ್ತಿತ್ತು. "ಇಡೀ ನಲ್ಲಿ ಬದಲಿಸಬೇಕಾ?" ಎಂದೆ. "ಬಿಚ್ಚಿ ನೋಡೋಣ ಸಾರ್" ಎಂದವರು ಕೂಲಿ ಎಷ್ಟೆಂದು ಹೇಳಿಯೇ ಸ್ಪ್ಯಾನರ್ ಹಿಡಿದರು. ಸವೆದ ವಾಷರನ್ನು ನನ್ನ ಅಂಗೈಯಲ್ಲಿಟ್ಟರು. ಬೆಲೆಯ ಪ್ರಾಮಾಣಿಕತೆ ತಿಳಿಯುವುದು ಬಿಲ್ಲಿನಲ್ಲಲ್ಲ, ಹೀಗೆ ಕೈಗೆ ಬಂದ ಹಳೇ ತುಂಡಿನಲ್ಲಿ. ಉದುರಿದ ಸುಣ್ಣದ ಪುಡಿಯನ್ನು ಮಾತ್ರ ನಾನೇ ಗುಡಿಸಿದೆ.

ರಿಪೇರಿ ನಿಂತಿತೇ ಎಂಬುದು ಅಂದೇ ಗೊತ್ತಾಗದು. ವಾಷರ್ ಕೂರುವ ಜಾಗದಲ್ಲಿ ಗುಳಿ ಬಿದ್ದಿದ್ದರೆ ಹೊಸ ವಾಷರೂ ಬೇಗ ಸವೆಯುತ್ತದೆ. ಆಗ ನಲ್ಲಿಯನ್ನೇ ಬದಲಿಸಬೇಕಾದೀತು. ತಿಂಗಳಾದ ಮೇಲೆ ಒಂದು ರಾತ್ರಿ ನಲ್ಲಿಯ ಕೆಳಗೆ ಒಣ ಬಟ್ಟಲಿಟ್ಟು ಮಲಗಿದೆ. ಬೆಳಿಗ್ಗೆ ತಳದಲ್ಲಿ ಒಂದು ಹನಿಯೂ ಇರಲಿಲ್ಲ.