ಜಮೀನು ಕೊಳ್ಳುವ ಮುನ್ನ ಪಹಣಿಯನ್ನು ಓದುವ ಬಗೆ

ಕಾರವಾರ, ಅಂಕೋಲಾ ತಾಲೂಕುಗಳಲ್ಲಿ ಭತ್ತದ ಗದ್ದೆಯಾಗಲಿ, ಘಟ್ಟದ ಬುಡದ ಅಡಿಕೆ ತೋಟವಾಗಲಿ ಮಾರಾಟಕ್ಕೆ ಬಂದಾಗ, ನಮ್ಮ ಸದಸ್ಯರು ಮೊದಲು ನೋಡುವುದು ನೀರು, ಮಣ್ಣು ಮತ್ತು ದಾರಿಯನ್ನು. ಅದು ಸರಿಯೇ. ಆದರೆ ಮುಂಗಡ ಕೊಡುವ ಮೊದಲು ಪಹಣಿ ಪತ್ರಿಕೆಯನ್ನೂ (ನಮ್ಮ ಹಿರಿಯರ ಮಾತಿನಲ್ಲಿ ಉತಾರ) ಅಷ್ಟೇ ಸಾವಧಾನವಾಗಿ ನೋಡತಕ್ಕದ್ದು. ಪಹಣಿಯಲ್ಲಿ ಹೆಸರು ಇದೆಯೋ ಇಲ್ಲವೋ ಎಂದಷ್ಟೇ ನೋಡಿ ಮಡಚಿಡುವವರೇ ಹೆಚ್ಚು. ನಿಜವಾಗಿ ನೋಡಬೇಕಾದುದು, ಅದರ ಒಂದು ಅಂಕಣ ಹೇಳುವುದಕ್ಕೂ ಇನ್ನೊಂದು ಅಂಕಣ ಹೇಳುವುದಕ್ಕೂ, ಇವೆರಡಕ್ಕೂ ಸ್ಥಳದಲ್ಲಿ ಕಾಣುವುದಕ್ಕೂ ತಾಳೆಯಾಗುತ್ತದೆಯೇ ಎಂಬುದನ್ನು.

ತಿಳಿಯಲು ಸುಲಭವಾಗಲೆಂದು ಒಂದು ಉದಾಹರಣೆಯನ್ನು ಇಟ್ಟುಕೊಳ್ಳೋಣ. ಅಂಕೋಲಾ ತಾಲೂಕಿನ ಒಂದು ಗ್ರಾಮ. ಸರ್ವೆ ನಂಬರು 118, ಹಿಸ್ಸಾ 2. ಒಂದು ಬದಿಗೆ ಹಳ್ಳ ಹರಿಯುತ್ತದೆ. ಮಾರುವವರು ಅಣ್ಣತಮ್ಮಂದಿರಲ್ಲಿ ಕಿರಿಯವರು. "ಒಟ್ಟು ಎರಡೂವರೆ ಎಕರೆ, ಅದರಲ್ಲಿ ಹಳ್ಳದ ಬದಿಯ ಅರ್ಧ ನನ್ನದು" ಎಂಬುದು ಅವರ ಮಾತು.

ಮೊದಲು ಸರ್ವೆ ನಂಬರು ಮತ್ತು ಹಿಸ್ಸಾ. ಸರ್ವೆ ನಂಬರು ಮೂಲ ಮೋಜಣಿಯಲ್ಲಿ ಗುರುತಿಸಿದ ಇಡೀ ತುಂಡು. ಹಿಸ್ಸಾ ಎಂದರೆ ಅದರೊಳಗೆ ಅಳತೆಮಾಡಿ ಒಡೆದ ಭಾಗ. 118ರ ಹಿಸ್ಸಾ 1, ಹಿಸ್ಸಾ 3 ಬೇರೆಯವರ ಹೆಸರಿನಲ್ಲಿರುತ್ತವೆ. ಹಿಸ್ಸಾ ಬಿಟ್ಟು ಬರೀ ಸರ್ವೆ ನಂಬರು ಬರೆದ ಕರಾರುಪತ್ರಕ್ಕೆ ಸಹಿ ಹಾಕಬಾರದು.

ಮೂರನೆಯ ಅಂಕಣದಲ್ಲಿ ಕ್ಷೇತ್ರವಿದೆ. ಅಲ್ಲಿ ಎಕರೆ, ಗುಂಟೆ, ಆಣೆ ಎಂಬ ಕ್ರಮದಲ್ಲಿ ಅಂಕಿಗಳಿರುತ್ತವೆ. 40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ. ಆದಕಾರಣ 2-20 ಎಂದರೆ ಎರಡೂವರೆ ಎಕರೆ. ದಶಾಂಶದಂತೆ ಓದಿದರೆ ಲೆಕ್ಕ ತಪ್ಪುತ್ತದೆ. ನಮ್ಮ ಉದಾಹರಣೆಯ ಪಹಣಿಯಲ್ಲಿ ಒಟ್ಟು ವಿಸ್ತೀರ್ಣ 2-20, ಫೂಟ್ ಖರಾಬು 'ಅ' 3 ಗುಂಟೆ, 'ಬ' 7 ಗುಂಟೆ, ಉಳಿದದ್ದು 2-10 ಎಂದಿದೆ. 'ಅ' ಖರಾಬು ಸಾಗುವಳಿಗೆ ಬಾರದ ಕಲ್ಲು, ದಿನ್ನೆಯಂಥ ಜಾಗ. 'ಬ' ಖರಾಬು ದಾರಿ, ಹಳ್ಳ ಮುಂತಾದ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟದ್ದು. ಅದನ್ನು ಮಾರುವ ಅಧಿಕಾರ ಯಾರಿಗೂ ಇಲ್ಲ.

ಇದರ ಪರಿಣಾಮವನ್ನು ತೋಟದಲ್ಲಿ ನಿಂತು ನೋಡಬೇಕು. ಒಂಬತ್ತು ಅಡಿ ಅಂತರದಲ್ಲಿ ಅಡಿಕೆ ನೆಟ್ಟರೆ ಗುಂಟೆಗೆ ಹದಿಮೂರು ಮರ ಹಿಡಿಯುತ್ತವೆ. ಹಳ್ಳದ ಅಂಚಿನವರೆಗೂ ಸಾಲು ಹೋಗಿದ್ದರೆ, ಏಳು ಗುಂಟೆ 'ಬ' ಖರಾಬಿನಲ್ಲಿಯೇ ಸುಮಾರು ತೊಂಬತ್ತು ಮರ ನಿಂತಿರಬಹುದು. ಮರ ಎಣಿಸಿ ದರ ಕಟ್ಟುವ ನಮ್ಮ ಪದ್ಧತಿಯಲ್ಲಿ ಕೊಳ್ಳುವವರು ಆ ಮರಗಳಿಗೂ ಹಣ ತೆತ್ತು, ಭೂಮಿಯನ್ನು ಮಾತ್ರ ಪಡೆಯುವುದಿಲ್ಲ. ಸೊಪ್ಪಿನ ಬೆಟ್ಟದ ವಿಷಯವೂ ಹೀಗೆಯೇ. ತೋಟಕ್ಕೆ ಹೊಂದಿದ ಬೆಟ್ಟದಲ್ಲಿ ಸೊಪ್ಪು, ದರಕು, ಹುಲ್ಲು ತರುವ ಸೌಲಭ್ಯವುಂಟೇ ಹೊರತು ಆ ನೆಲ ಮಾಲ್ಕಿಯಲ್ಲ. ಅದನ್ನು ಎಕರೆ ಲೆಕ್ಕಕ್ಕೆ ಸೇರಿಸಿ ದರ ಹೇಳಿದರೆ ಒಪ್ಪತಕ್ಕದ್ದಲ್ಲ.

ಒಂಬತ್ತನೆಯ ಅಂಕಣದಲ್ಲಿ ಮಾಲೀಕರ ಹೆಸರು. ಇಲ್ಲಿ ಅಣ್ಣತಮ್ಮಂದಿರಿಬ್ಬರ ಹೆಸರೂ ಒಂದರ ಕೆಳಗೊಂದು ಇದ್ದು, ಕ್ಷೇತ್ರ 2-10 ಎಂದು ಒಟ್ಟಾಗಿದೆ. ಅಂದರೆ ಜಂಟಿ. ಕಿರಿಯವರ ಪಾಲು ಹೆಚ್ಚೆಂದರೆ 1-05. ಅದು ಹಳ್ಳದ ಬದಿಯದೋ ಗುಡ್ಡದ ಬದಿಯದೋ ಎಂಬುದಕ್ಕೆ ಪಹಣಿಯಲ್ಲಿ ಆಧಾರವಿಲ್ಲ. ಮನೆಯೊಳಗಿನ ಬಾಯಿಮಾತಿನ ಪಾಲು ಕೊಳ್ಳುವವರನ್ನು ಕಾಯುವುದಿಲ್ಲ. ಮೊದಲು ನೋಂದಾಯಿತ ವಾಟ್ನಿಪತ್ರವಾಗಿ, ಭೂಮಾಪಕರು ಅಳತೆ ಮಾಡಿ 11ಇ ನಕ್ಷೆ ತಯಾರಾದ ಮೇಲೆಯೇ ಖರೀದಿಯ ಮಾತು. ಹತ್ತನೆಯ ಅಂಕಣದಲ್ಲಿ ಹಕ್ಕು ಹೇಗೆ ಬಂತೆಂಬುದರ ಎಂ.ಆರ್. ನಂಬರು ಇರುತ್ತದೆ. ಅದರ ನಕಲು ತೆಗೆಸಿ, ವಾರಸಾ ಬದಲಾವಣೆಯಾಗಿದ್ದರೆ ಅಕ್ಕತಂಗಿಯರ ಹೆಸರು ಬಿಟ್ಟುಹೋಗಿದೆಯೇ ಎಂದು ನೋಡಬೇಕು.

ಇನ್ನು ಹನ್ನೆರಡನೆಯ ಅಂಕಣ: ಸಾಗುವಳಿದಾರ ಮತ್ತು ಬೆಳೆ. ನಮ್ಮ ಉದಾಹರಣೆಯಲ್ಲಿ ಅಲ್ಲಿ 'ಭತ್ತ, 2-10' ಎಂದಿದೆ. ಸ್ಥಳದಲ್ಲಿ ಒಂದೂವರೆ ಎಕರೆ ಫಸಲು ಬಿಡುವ ಅಡಿಕೆ, ನಡುವೆ ಕಾಳುಮೆಣಸು, ಒಂದಿಷ್ಟು ಕಾಫಿ. ಗದ್ದೆ ತೋಟವಾದರೂ ದಾಖಲೆ ಹಿಂದೆ ಉಳಿದಿದೆ. ಇದರಿಂದ ಮಾಲ್ಕಿಗೆ ಬಾಧೆಯಿಲ್ಲ. ಆದರೆ ಬೆಳೆಸಾಲವನ್ನು ಎಕರೆಗೆ ಇಷ್ಟೆಂದು ಬೆಳೆಯ ಮೇಲೆ ನಿಗದಿಪಡಿಸುವುದರಿಂದ, ಹೊಸ ಮಾಲೀಕರು ಸಂಘಕ್ಕೆ ಬಂದಾಗ ಅಡಿಕೆಯ ದರದಲ್ಲಿ ಸಾಲ ಸಿಗುವುದಿಲ್ಲ. ಹವಾಮಾನ ಆಧಾರಿತ ಬೆಳೆವಿಮೆಗೆ ಅಡಿಕೆಯೆಂದು ಕಂತು ಕಟ್ಟಿ, ಬೆಳೆ ಸಮೀಕ್ಷೆಯಲ್ಲಿ ಭತ್ತವೆಂದಿದ್ದರೆ ಪರಿಹಾರಕ್ಕೆ ತಡೆ ಬರುತ್ತದೆ. ಮುಂದಿನ ಸಮೀಕ್ಷೆಯಲ್ಲಿ ಇದನ್ನು ಸರಿಪಡಿಸಿಕೊಳ್ಳಬಹುದು.

ಆದರೆ ಅದೇ ಅಂಕಣದಲ್ಲಿ ಸಾಗುವಳಿದಾರರೆಂದು ಮಾಲೀಕರಲ್ಲದವರ ಹೆಸರು ಇದ್ದರೆ ಅಲ್ಲಿಯೇ ನಿಲ್ಲಬೇಕು. ಈ ಭಾಗದಲ್ಲಿ ಗೇಣಿ ಭೂಮಿ ಬಹಳವಿತ್ತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯ ಮೇರೆಗೆ ಗೇಣಿದಾರರು ಭೂ ನ್ಯಾಯಮಂಡಳಿಯಿಂದ ಹಕ್ಕು ಪಡೆದರು. ಹಾಗೆ ಬಂದ ಭೂಮಿಯನ್ನು ಅಂತಿಮ ಆದೇಶದಿಂದ 15 ವರ್ಷ ಮಾರುವಂತಿಲ್ಲ. ಹಳೆಯ ಆದೇಶಗಳ ಅವಧಿ ಮುಗಿದಿದ್ದರೂ, ನಡುವೆ ಯಾರಾದರೂ ಅವಧಿಗೆ ಮೊದಲೇ ಮಾರಿದ್ದರೆ ಆ ದೋಷ ಹಾಗೆಯೇ ಉಳಿದಿರುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ 1978ರ ಕಾಯದೆಯಂತೆ ಸರ್ಕಾರದ ಪೂರ್ವಾನುಮತಿ ಬೇಕು.

ಕೊನೆಗೆ ಹನ್ನೊಂದನೆಯ ಅಂಕಣ: ಇತರ ಹಕ್ಕುಗಳು ಮತ್ತು ಋಣಗಳು. ಸಾಲದ ಬೋಜಾ ಕಾಣುವುದು ಇಲ್ಲಿ. ನಮ್ಮ ಉದಾಹರಣೆಯಲ್ಲಿ ಎರಡು ದಾಖಲೆಗಳಿವೆ. ಒಂದು, ಸೇವಾ ಸಹಕಾರಿ ಸಂಘದ ಬೆಳೆಸಾಲ 3 ಲಕ್ಷ ರೂಪಾಯಿ. ಇನ್ನೊಂದು, ಭೂ ಅಭಿವೃದ್ಧಿ ಬ್ಯಾಂಕಿನ ಹಳೆಯ ಪಂಪ್‌ಸೆಟ್ ಸಾಲ. ಎರಡನೆಯದನ್ನು ತೀರಿಸಿ ಎಷ್ಟೋ ವರ್ಷಗಳಾದವು ಎನ್ನುತ್ತಾರೆ. ಅದು ನಿಜವಿರಬಹುದು, ಸಾಲ ತೀರಿದ ಮಾತ್ರಕ್ಕೆ ಬೋಜಾ ತಾನಾಗಿ ಇಳಿಯುವುದಿಲ್ಲ. ಬ್ಯಾಂಕಿನ ತೀರುವಳಿ ಪತ್ರ ಕಂದಾಯ ಇಲಾಖೆಗೆ ತಲುಪಿ, ಬದಲಾವಣೆ ಮಂಜೂರಾಗಬೇಕು. ಆ ಪತ್ರವನ್ನು ಮಾರುವವರೇ ತರತಕ್ಕದ್ದು.

ಮೊದಲನೆಯದು ಹೆಚ್ಚು ಗಂಭೀರ. ಬೋಜಾ ಇರುವುದು ಸಾಲಗಾರರ ಮೇಲಷ್ಟೇ ಅಲ್ಲ, ಭೂಮಿಯ ಮೇಲೆ. ಇಡೀ 2-10ಕ್ಕೆ ಬಿದ್ದ ಬೋಜಾ, ಕಿರಿಯವರು ತಮ್ಮ ಅರ್ಧ ಸಾಲ ತುಂಬಿದರೆ ಅರ್ಧ ಭೂಮಿಯಿಂದ ತಾನಾಗಿ ಇಳಿಯದು. ಅಣ್ಣನ ಬಾಕಿಗೂ ತಮ್ಮ ಮಾರಿದ ತೋಟವೇ ಹೊಣೆಯಾದೀತು. ಆದಕಾರಣ ಖರೀದಿ ಹಣದಿಂದಲೇ ನೇರವಾಗಿ ಸಂಘಕ್ಕೆ ಪೂರ್ತಿ ಬಾಕಿ ತುಂಬಿ, ರಸೀದಿ ಮತ್ತು ತೀರುವಳಿ ಪತ್ರ ಪಡೆದು, ಬೋಜಾ ಇಳಿದ ಹೊಸ ಪಹಣಿ ಕೈಗೆ ಬಂದ ನಂತರ ನೋಂದಣಿಗೆ ಹೋಗುವುದು ಕ್ಷೇಮ.

ಈ ಅಂಕಣ ಖಾಲಿಯಿದ್ದರೂ ಸಾಲವಿಲ್ಲವೆಂದು ತಿಳಿಯಬಾರದು. ಮೂಲ ಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ತೆಗೆದ ಸಾಲ ಪಹಣಿಗೆ ಬಾರದೆ ಉಳಿದಿರಬಹುದು. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಮೂವತ್ತು ವರ್ಷಗಳ ಋಣಭಾರ ಪತ್ರ ತೆಗೆಸಿರಿ. ಮೂಲ ಖರೀದಿಪತ್ರವನ್ನು ಕಣ್ಣಾರೆ ನೋಡಿರಿ. "ಕಳೆದುಹೋಗಿದೆ" ಎಂಬ ಉತ್ತರ ಬಂದರೆ ಸುತ್ತಲಿನ ಬ್ಯಾಂಕುಗಳಲ್ಲಿ ವಿಚಾರಿಸದೆ ಮುಂದುವರಿಯಬಾರದು. ಸೀಬರ್ಡ್ ನೌಕಾನೆಲೆ, ಕೊಂಕಣ ರೈಲ್ವೆ, ಹೆದ್ದಾರಿ ಅಗಲೀಕರಣಗಳಿಗೆ ಭೂಮಿ ಹೋದ ಗ್ರಾಮಗಳಲ್ಲಿ ಭೂಸ್ವಾಧೀನದ ದಾಖಲೆಯೂ ಇದೇ ಅಂಕಣದಲ್ಲಿ ಇರುವ ಸಂಭವವಿದ್ದು, ಅದನ್ನು ಸಾಲದ ಸಾಲುಗಳ ನಡುವೆ ಕಾಣದೆ ಬಿಡಬಾರದು.

ಪಹಣಿಯ ನಮೂದನ್ನು ತಪ್ಪೆಂದು ಸಿದ್ಧವಾಗುವವರೆಗೆ ನಿಜವೆಂದು ಕಾನೂನು ಭಾವಿಸುತ್ತದೆ. ಆದರೆ ಪಹಣಿಯೇ ಮಾಲ್ಕಿಯ ಪತ್ರವಲ್ಲ. ಈ ಉದಾಹರಣೆಯಲ್ಲಿ ಎರಡೂವರೆ ಎಕರೆಯ ಅರ್ಧವೆಂದು ಹೇಳಿದ್ದು, ಓದಿದ ಮೇಲೆ ಅಳತೆಯಾಗದ ಒಂದು ಎಕರೆ ಐದು ಗುಂಟೆಯಾಯಿತು. ಅದರ ಮೇಲೆ ಎರಡು ಬೋಜಾಗಳು. ಇಂಥ ಜಮೀನನ್ನು ಕೊಳ್ಳಲೇಬಾರದೆಂದಲ್ಲ. ವಾಟ್ನಿ, ನಕ್ಷೆ, ತೀರುವಳಿ, ಈ ಮೂರೂ ಆದ ಮೇಲೆ, ಇರುವ ಕ್ಷೇತ್ರಕ್ಕೆ ಮಾತ್ರ ದರ ಕಟ್ಟಿ ಕೊಳ್ಳಬಹುದು. ಅಲ್ಲಿಯವರೆಗೆ ಮುಂಗಡದ ಹಣ ನಿಮ್ಮ ಉಳಿತಾಯ ಖಾತೆಯಲ್ಲಿಯೇ ಇರಲಿ.