ವಿದೇಶಕ್ಕೆ ಹೊರಟ ಪದವಿಪತ್ರ: ದೃಢೀಕರಣ ಬೇರೆ, ತಾಳೆ ನೋಡುವುದು ಬೇರೆ

ವಿದೇಶದಲ್ಲಿ ಉದ್ಯೋಗಕ್ಕೋ ಉನ್ನತ ವ್ಯಾಸಂಗಕ್ಕೋ ಹೊರಡುವವರು ತಮ್ಮ ಪದವಿಪತ್ರವನ್ನು ‘ಅಟೆಸ್ಟ್ ಮಾಡಿಸಬೇಕು’ ಎಂಬ ಮಾತನ್ನು ಮೊದಲು ಕೇಳುವುದು ಸಾಮಾನ್ಯವಾಗಿ ಏಜೆಂಟರ ಬಾಯಿಂದ. ಈ ಒಂದೇ ಮಾತಿನಲ್ಲಿ ಎರಡು ಬೇರೆ ಬೇರೆ ಕಾರ್ಯಗಳು ಅಡಗಿರುತ್ತವೆ. ಪತ್ರದ ಮೇಲಿನ ಸಹಿ ಮತ್ತು ಮುದ್ರೆ ಅಧಿಕಾರಯುತವಾದುವು ಎಂದು ಸರಕಾರವು ಹೇಳುವುದು ಮೊದಲನೆಯದು, ಇದಕ್ಕೆ ದೃಢೀಕರಣವೆನ್ನೋಣ. ಆ ಪದವಿಯನ್ನು ಆ ವ್ಯಕ್ತಿಯು ನಿಜವಾಗಿಯೂ ಪಡೆದಿರುವನೇ ಎಂಬುದನ್ನು ವಿಶ್ವವಿದ್ಯಾಲಯದ ದಾಖಲೆಯೊಡನೆ ಹೋಲಿಸಿ ನೋಡುವುದು ಎರಡನೆಯದು. ಇದಕ್ಕೆ ಹಿಂದಿಯ ‘ಸತ್ಯಾಪನ’ವನ್ನು ಕನ್ನಡಕ್ಕೆ ತರುವ ವಾಡಿಕೆ ಕಚೇರಿಗಳಲ್ಲಿ ಉಂಟಾದರೂ, ನಮ್ಮ ಶಾನುಭೋಗರ ಕಾಲದಿಂದ ಬಂದ ‘ತಾಳೆ ನೋಡುವುದು’ ಎಂಬ ಮಾತೇ ಅರ್ಥಕ್ಕೆ ಹೆಚ್ಚು ಹತ್ತಿರವಾದುದು. ಒಂದರ ಸ್ಥಾನದಲ್ಲಿ ಮತ್ತೊಂದನ್ನು ಮಾಡಿಸಿಕೊಂಡು ಹೋದವರು ಹಣವನ್ನು ಮಾತ್ರವಲ್ಲ, ಎಷ್ಟೋ ವೇಳೆ ದೊರೆತ ಉದ್ಯೋಗವನ್ನೇ ಕಳೆದುಕೊಳ್ಳುವ ಸಂಭವವುಂಟು.

ಈ ವಿಷಯವನ್ನು ಮುಂಬಯಿಯ ಪರೇಲ್ ಭಾಗದ ಒಂದು ಉದಾಹರಣೆಯ ಮೂಲಕ ವಿವರಿಸುವುದು ಸುಲಭ. ಅಲ್ಲಿ ಕೆ.ಇ.ಎಂ. ಆಸ್ಪತ್ರೆಗೆ ಹೊಂದಿಕೊಂಡಂತೆ ಸೇಠ್ ಜಿ.ಎಸ್. ವೈದ್ಯಕೀಯ ಮಹಾವಿದ್ಯಾಲಯವಿದೆ. 1926ರಲ್ಲಿ ಆರಂಭವಾದ ಈ ಎರಡೂ ಸಂಸ್ಥೆಗಳನ್ನು ನಡೆಸುವುದು ಮುಂಬಯಿ ಮಹಾನಗರಪಾಲಿಕೆ. ದಕ್ಷಿಣ ಕನ್ನಡದಿಂದ ಬಂದು ಮುಂಬಯಿಯಲ್ಲಿ ನೆಲಸಿದ ಕುಟುಂಬವೊಂದರಲ್ಲಿ ಅತ್ತೆಯೂ ಸೊಸೆಯೂ, ಎಂದರೆ ತಂದೆಯ ತಂಗಿ ಮತ್ತು ಅಣ್ಣನ ಮಗಳು, ಇದೇ ಕಾಲೇಜಿನಲ್ಲಿ ಎಂ.ಬಿ.ಬಿ.ಎಸ್. ಓದಿದರೆಂದು ಭಾವಿಸೋಣ. ಅತ್ತೆ 1991ರಲ್ಲಿ ಉತ್ತೀರ್ಣರಾದರು, ಸೊಸೆ 2016ರಲ್ಲಿ. ಈಗ ಅತ್ತೆಗೆ ದುಬೈಯ ಆಸ್ಪತ್ರೆಯೊಂದರಿಂದ ಕರೆ ಬಂದಿದೆ. ಸೊಸೆಗೆ ಬ್ರಿಟನ್ನಿನಲ್ಲಿ ವೈದ್ಯವೃತ್ತಿ ಮಾಡುವ ಅಪೇಕ್ಷೆಯಿದೆ.

ಇಬ್ಬರೂ ಮೊದಲು ಮಾಡಬೇಕಾದುದು ತಮ್ಮ ಪದವಿಪತ್ರದ ತಲೆಬರಹವನ್ನು ಓದುವುದು. ಓದಿದ ಕಟ್ಟಡ ಒಂದೇ ಆದರೂ ಪದವಿಯನ್ನು ನೀಡಿದ ಸಂಸ್ಥೆ ಒಂದೇ ಅಲ್ಲ. ಅತ್ತೆಯ ಪತ್ರದ ಮೇಲೆ ಬಾಂಬೆ ವಿಶ್ವವಿದ್ಯಾಲಯದ ಹೆಸರಿದೆ. 1857ರಲ್ಲಿ ಸ್ಥಾಪಿತವಾದ ಆ ವಿಶ್ವವಿದ್ಯಾಲಯವು 1996ರಲ್ಲಿ ಮುಂಬಯಿ ವಿಶ್ವವಿದ್ಯಾಲಯವೆಂಬ ಹೆಸರನ್ನು ಪಡೆಯಿತು. 1998ರಲ್ಲಿ ಮಹಾರಾಷ್ಟ್ರ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು ನಾಸಿಕದಲ್ಲಿ ಸ್ಥಾಪಿತವಾಗಿ, ರಾಜ್ಯದ ವೈದ್ಯಕೀಯ ಕಾಲೇಜುಗಳು ಅದರ ವ್ಯಾಪ್ತಿಗೆ ಬಂದುವು. ಆದುದರಿಂದ ಅತ್ತೆಯ ದಾಖಲೆ ಇರುವುದು ಮುಂಬಯಿಯ ಕಲೀನಾದಲ್ಲಿ, ಸೊಸೆಯದು ನಾಸಿಕದಲ್ಲಿ. ಬದಲಾವಣೆಯ ಆಸುಪಾಸಿನ ವರ್ಷಗಳಲ್ಲಿ ಓದಿದವರು ವರ್ಷವನ್ನು ಲೆಕ್ಕ ಹಾಕಿ ಊಹಿಸತಕ್ಕದ್ದಲ್ಲ. ಹಳೆಯ ತಂಡಗಳು ತಾವು ಸೇರಿದ ವಿಶ್ವವಿದ್ಯಾಲಯದಿಂದಲೇ ಪದವಿ ಪಡೆದು ಹೊರಬಿದ್ದಿರಬಹುದು. ಪತ್ರದ ಮೇಲೆ ಏನಿದೆಯೋ ಅದೇ ಪ್ರಮಾಣ.

ಅದೇ ಪರೇಲಿನ ಮುಂಬಯಿ ಪಶುವೈದ್ಯಕೀಯ ಮಹಾವಿದ್ಯಾಲಯದ ಕಥೆ ಇನ್ನೂ ಒಂದು ಸುತ್ತು ಹೆಚ್ಚು. 1886ರ ಆ ಕಾಲೇಜು ಮೊದಲು ಬಾಂಬೆ ವಿಶ್ವವಿದ್ಯಾಲಯಕ್ಕೆ, ಬಳಿಕ 1972ರಲ್ಲಿ ಸ್ಥಾಪಿತವಾದ ದಾಪೋಲಿಯ ಕೊಂಕಣ ಕೃಷಿ ವಿದ್ಯಾಪೀಠಕ್ಕೆ, ಅನಂತರ 2000ದಲ್ಲಿ ಸ್ಥಾಪಿತವಾದ ನಾಗಪುರದ ಪಶು ಮತ್ತು ಮತ್ಸ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿತು. ಊರಿನಲ್ಲಿ ಓದಿ ಬಂದವರ ಪರಿಸ್ಥಿತಿಯೂ ಇಂಥದೇ. ಮಂಗಳೂರು ವಿಶ್ವವಿದ್ಯಾಲಯವು 1980ರಲ್ಲಿ ಸ್ಥಾಪನೆಯಾಗುವ ಮೊದಲು ಕರಾವಳಿಯ ಕಾಲೇಜುಗಳ ಪದವಿಗಳನ್ನು ನೀಡುತ್ತಿದ್ದುದು ಮೈಸೂರು ವಿಶ್ವವಿದ್ಯಾಲಯ.

ಈಗ ಅತ್ತೆಯ ಪತ್ರದ ದಾರಿಯನ್ನು ನೋಡೋಣ. ಅವರು ಹೋಗಲಿರುವ ಸಂಯುಕ್ತ ಅರಬ್ ಸಂಸ್ಥಾನಗಳು 1961ರ ಹೇಗ್ ಅಪೊಸ್ಟಿಲ್ ಒಪ್ಪಂದಕ್ಕೆ ಸೇರಿಲ್ಲ. ಆದುದರಿಂದ ಪತ್ರವು ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಮೊದಲಿಗೆ ವಿಶ್ವವಿದ್ಯಾಲಯವು ಪತ್ರವನ್ನು ತನ್ನ ದಾಖಲೆಯೊಡನೆ ತಾಳೆ ನೋಡಿ ಬರಹದಲ್ಲಿ ತಿಳಿಸುತ್ತದೆ. ಅದರ ಆಧಾರದ ಮೇಲೆ ಮಹಾರಾಷ್ಟ್ರ ಸರಕಾರದ ನಿಯೋಜಿತ ಅಧಿಕಾರಿಯು ದೃಢೀಕರಿಸುತ್ತಾನೆ. ಆ ಅಧಿಕಾರಿಯ ಮಾದರಿ ಸಹಿಯು ವಿದೇಶಾಂಗ ಸಚಿವಾಲಯದಲ್ಲಿರುತ್ತದೆ. ಸಚಿವಾಲಯವು ಅದನ್ನು ಹೋಲಿಸಿ ತನ್ನ ಮುದ್ರೆಯನ್ನು ಒತ್ತುತ್ತದೆ. ಸಚಿವಾಲಯದ ಮುದ್ರೆಯನ್ನು ಕಂಡು ಆ ದೇಶದ ರಾಯಭಾರ ಕಚೇರಿಯೂ, ಕೊನೆಗೆ ಅಲ್ಲಿಗೆ ತಲುಪಿದ ಮೇಲೆ ಅಲ್ಲಿಯ ವಿದೇಶಾಂಗ ಇಲಾಖೆಯೂ ಒಪ್ಪಿಗೆ ಕೊಡುತ್ತವೆ. ಪ್ರತಿಯೊಬ್ಬರೂ ತಮಗಿಂತ ಕೆಳಗಿನ ಮೆಟ್ಟಿಲಿನ ಸಹಿಯನ್ನು ಮಾತ್ರ ನೋಡುತ್ತಾರೆಯೇ ಹೊರತು ಪದವಿಯನ್ನಲ್ಲ. ಪತ್ರದ ಒಳಗಿನ ವಿಷಯಕ್ಕೆ ತಾನು ಜವಾಬ್ದಾರನಲ್ಲವೆಂದು ಸಚಿವಾಲಯವು ಸ್ಪಷ್ಟವಾಗಿಯೇ ಹೇಳಿದೆ. ಹೀಗಾಗಿ ನಡುವಣ ಒಂದು ಮೆಟ್ಟಿಲನ್ನು ಬಿಟ್ಟು ಮೇಲೇರಲು ಸಾಧ್ಯವಿಲ್ಲ.

ಎರಡನೆಯ ಮೆಟ್ಟಿಲಿನಲ್ಲಿ ಮುಂಬಯಿ ಕನ್ನಡಿಗರು ಗಮನಿಸಬೇಕಾದ ಅಂಶವೊಂದಿದೆ. ದೃಢೀಕರಿಸಬೇಕಾದುದು ಪದವಿ ನೀಡಿದ ವಿಶ್ವವಿದ್ಯಾಲಯವಿರುವ ರಾಜ್ಯ. ಅಭ್ಯರ್ಥಿಯು ವಾಸಿಸುವ ರಾಜ್ಯವಲ್ಲ. ಮಂಗಳೂರು ವಿಶ್ವವಿದ್ಯಾಲಯದ ಪದವೀಧರರು ಇಪ್ಪತ್ತು ವರ್ಷಗಳಿಂದ ಪರೇಲಿನಲ್ಲೇ ಇದ್ದರೂ ಅವರ ಪತ್ರವು ಕರ್ನಾಟಕ ಸರಕಾರದ ಬಳಿಗೆ ಹೋಗಿ ಬರಬೇಕು. ಆದರೆ ಸಚಿವಾಲಯದ ಮೆಟ್ಟಿಲಿಗೆ ದೆಹಲಿಯ ದಾರಿ ಹಿಡಿಯುವ ಅಗತ್ಯ ಈಗಿಲ್ಲ. 2019ರಿಂದ ಈ ಕಾರ್ಯವನ್ನು ಮುಂಬಯಿ, ಬೆಂಗಳೂರು ಮೊದಲಾದ ನಗರಗಳಿಗೂ ಹಂಚಲಾಗಿದೆ. ಅರ್ಜಿಗಳನ್ನು ಸಚಿವಾಲಯವು ನೇಮಿಸಿದ ಸಂಸ್ಥೆಗಳ ಮೂಲಕ ಸಲ್ಲಿಸಬೇಕು.

ಇಷ್ಟೆಲ್ಲ ಆದರೂ ಅತ್ತೆಯ ಕೆಲಸ ಅರ್ಧ ಮಾತ್ರ ಆಯಿತು. ಈ ಮುದ್ರೆಗಳೆಲ್ಲ ಬೇಕಾದುದು ಮುಖ್ಯವಾಗಿ ಕೆಲಸದ ಪರವಾನಗಿಗೆ. ವೈದ್ಯವೃತ್ತಿಯ ಪರವಾನಗಿ ನೀಡುವ ದುಬೈ ಆರೋಗ್ಯ ಪ್ರಾಧಿಕಾರವು ಮುದ್ರೆಗಳನ್ನು ನಂಬಿ ಕೂರುವುದಿಲ್ಲ. ಡೇಟಾಫ್ಲೋ ಎಂಬ ಸಂಸ್ಥೆಯ ಮೂಲಕ ಮೂಲ ವಿಶ್ವವಿದ್ಯಾಲಯಕ್ಕೇ ನೇರವಾಗಿ ಪ್ರಶ್ನೆ ಕಳುಹಿಸುತ್ತದೆ. ಉತ್ತರವು ಅಭ್ಯರ್ಥಿಯ ಕೈಗೆ ಬರದೆ ನೇರವಾಗಿ ಕೇಳಿದವರಿಗೇ ತಲುಪಬೇಕೆಂಬುದು ಇದರ ಮರ್ಮ. ಕೆಲಸ ಕೆಡುವುದೂ ಹೆಚ್ಚಾಗಿ ಇಲ್ಲಿಯೇ. ಅತ್ತೆಯು ಅರ್ಜಿಯಲ್ಲಿ ಕಾಲೇಜಿನ ಹೆಸರನ್ನು ಬರೆದು, ಇಂದಿನ ಪಟ್ಟಿಯಲ್ಲಿ ಆ ಕಾಲೇಜಿನ ಮುಂದೆ ಕಾಣುವ ನಾಸಿಕದ ವಿಶ್ವವಿದ್ಯಾಲಯವನ್ನು ಆರಿಸಿದರೆ, ಪ್ರಶ್ನೆಯು ನಾಸಿಕಕ್ಕೆ ಹೋಗುತ್ತದೆ. 1991ರಲ್ಲಿ ಆ ವಿಶ್ವವಿದ್ಯಾಲಯವೇ ಇರಲಿಲ್ಲವಾದುದರಿಂದ ‘ದಾಖಲೆ ಲಭ್ಯವಿಲ್ಲ’ ಎಂಬ ಉತ್ತರ ಬರಬಹುದು. ದುಬೈಯಲ್ಲಿ ಕುಳಿತು ಆ ಉತ್ತರವನ್ನು ಓದುವ ಅಧಿಕಾರಿಗೆ ಇದು ತಪ್ಪು ವಿಳಾಸದ ಫಲವೋ ಸುಳ್ಳು ಪದವಿಯ ಲಕ್ಷಣವೋ ಗೊತ್ತಾಗುವುದಿಲ್ಲ. ಆಸ್ಪತ್ರೆಯು ಕೊಟ್ಟ ಗಡುವು ಮಾತ್ರ ಓಡುತ್ತಿರುತ್ತದೆ.

ಇದನ್ನು ತಪ್ಪಿಸಲು ಅರ್ಜಿಯಲ್ಲಿ ಪತ್ರದ ಮೇಲಿನ ವಿಶ್ವವಿದ್ಯಾಲಯದ ಹೆಸರನ್ನೂ ಅದರ ಈಗಿನ ಹೆಸರನ್ನೂ ಜೊತೆಜೊತೆಗೆ ಬರೆಯಬೇಕು. ಪರೀಕ್ಷೆಯ ತಿಂಗಳು, ವರ್ಷ ಮತ್ತು ಅಂಕಪಟ್ಟಿಯ ಮೇಲಿನ ಪರೀಕ್ಷಾ ಸಂಖ್ಯೆಯನ್ನು ತಪ್ಪದೆ ಕೊಡಬೇಕು. ಹಳೆಯ ದಾಖಲೆಗಳಲ್ಲಿ ಒಬ್ಬರನ್ನು ಹುಡುಕಲು ಹೆಸರಿಗಿಂತ ಆ ಸಂಖ್ಯೆಯೇ ಹೆಚ್ಚು ಸಹಾಯಕ. ಪದವಿಪತ್ರವನ್ನು ಜೋಪಾನವಾಗಿಟ್ಟು ಅಂಕಪಟ್ಟಿಯನ್ನು ಕಳೆದುಕೊಂಡವರಿಗೆ ಈ ಘಟ್ಟದಲ್ಲಿ ಅದರ ಬೆಲೆ ತಿಳಿಯುತ್ತದೆ.

ಸೊಸೆಯ ದಾರಿ ಬೇರೆ. ಬ್ರಿಟನ್ ಅಪೊಸ್ಟಿಲ್ ಒಪ್ಪಂದದ ಸದಸ್ಯ. ಭಾರತದಲ್ಲಿಯೂ ಅದು 2005ರ ಜುಲೈ 14ರಿಂದ ಜಾರಿಯಲ್ಲಿದೆ. ಸದಸ್ಯ ದೇಶಗಳ ನಡುವೆ ರಾಯಭಾರ ಕಚೇರಿಯ ಮೆಟ್ಟಿಲು ಇಲ್ಲ. ರಾಜ್ಯದ ದೃಢೀಕರಣವಾದ ಮೇಲೆ ಸಚಿವಾಲಯವು ಪತ್ರಕ್ಕೆ ಸಂಖ್ಯೆಯುಳ್ಳ ಅಪೊಸ್ಟಿಲ್ ಚೀಟಿಯನ್ನು ಅಂಟಿಸಿದರೆ ಸಾಕು. ಇದರ ಸರಕಾರಿ ಶುಲ್ಕ ಪತ್ರವೊಂದಕ್ಕೆ 50 ರೂಪಾಯಿ. ಅರ್ಜಿ ಸ್ವೀಕರಿಸುವ ಸಂಸ್ಥೆಯ ಸೇವಾಶುಲ್ಕ ಬೇರೆ. ಏಜೆಂಟರು ಸಾವಿರಗಟ್ಟಲೆ ಕೇಳಿದಾಗ ಈ ಅಂಕಿಯನ್ನು ನೆನಪಿಡುವುದು ಒಳ್ಳೆಯದು. ಆದರೆ ಸೊಸೆಗೆ ಅಪೊಸ್ಟಿಲ್ ಮಾಡಿಸುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಇದನ್ನು ಯಾರು ಕೇಳಿದ್ದಾರೆ? ಬ್ರಿಟನ್ನಿನ ವೈದ್ಯಕೀಯ ಮಂಡಳಿಯು 2018ರಿಂದ ವಿದೇಶೀ ಪದವೀಧರರ ಪದವಿಯನ್ನು ಅಮೆರಿಕದ ಸಂಸ್ಥೆಯೊಂದು ನಡೆಸುವ ‘ಎಪಿಕ್’ ಎಂಬ ವ್ಯವಸ್ಥೆಯ ಮೂಲಕ ತಾಳೆ ನೋಡಿಸುತ್ತದೆ. ಪದವಿ ನೀಡಿದವರಿಂದ ನೇರ ಉತ್ತರ ಬಾರದಿದ್ದರೆ ಎಷ್ಟು ಅಪೊಸ್ಟಿಲ್‌ಗಳನ್ನು ಅಂಟಿಸಿದರೂ ನೋಂದಣಿಗೆ ಉಪಯೋಗವಿಲ್ಲ.

ದೇಶಗಳ ಪಟ್ಟಿಯೂ ಬದಲಾಗುತ್ತಿರುತ್ತದೆ. ಸೌದಿ ಅರೇಬಿಯಕ್ಕೆ 2022ರ ಡಿಸೆಂಬರ್ 7ರಿಂದಲೂ, ಕೆನಡಾಕ್ಕೆ 2024ರ ಜನವರಿ 11ರಿಂದಲೂ ಒಪ್ಪಂದವು ಜಾರಿಗೆ ಬಂದಿದೆ. ಹಳೆಯ ಪದ್ಧತಿಯನ್ನು ಮಾತ್ರ ಬಲ್ಲವರ ಸಲಹೆಯನ್ನು ಕೇಳಿದರೆ ಅನಗತ್ಯವಾದ ಮೆಟ್ಟಿಲಿಗೂ ಹಣ ತೆರಬೇಕಾದೀತು.

ಹೆಸರಿನ ವ್ಯತ್ಯಾಸ ಅತ್ತೆಯನ್ನು ಕಾಡುವ ಇನ್ನೊಂದು ತೊಡಕು. ಮಹಾರಾಷ್ಟ್ರದ ವಾಡಿಕೆಯಂತೆ ಅವರ ಪದವಿಪತ್ರದಲ್ಲಿ ಮೊದಲು ಕುಲನಾಮ, ಬಳಿಕ ಸ್ವಂತ ಹೆಸರು, ಆಮೇಲೆ ತಂದೆಯ ಹೆಸರು ಇವೆ. ಪಾಸ್‌ಪೋರ್ಟಿನಲ್ಲಿ ಗಂಡನ ಮನೆಯ ಹೆಸರಿದೆ. ಊರಿನಲ್ಲಿ ಓದಿದವರಾಗಿದ್ದರೆ ಪತ್ರದಲ್ಲಿ ಬರಿಯ ಇನಿಷಿಯಲ್ಲುಗಳು ಇದ್ದಿರಬಹುದು. ಇದಕ್ಕಾಗಿ ಪದವಿಪತ್ರವನ್ನೇ ತಿದ್ದಿಸಲು ಹೊರಡಬಾರದು. ಪದವಿ ಪಡೆದ ದಿನ ಇದ್ದ ಹೆಸರೇ ಅದರಲ್ಲಿ ಇರತಕ್ಕದ್ದು. ವಿವಾಹ ಪ್ರಮಾಣಪತ್ರ ಅಥವಾ ರಾಜ್ಯಪತ್ರದ ಪ್ರಕಟಣೆ, ಇಲ್ಲವೇ ಎರಡೂ ಹೆಸರುಗಳು ಒಬ್ಬರವೇ ಎಂಬ ಪ್ರಮಾಣಪೂರ್ವಕ ಹೇಳಿಕೆಯನ್ನು ಪ್ರತ್ಯೇಕವಾಗಿ ದೃಢೀಕರಿಸಿ ಜೊತೆಗಿಡಬೇಕು.

ಗೆಜೆಟೆಡ್ ಅಧಿಕಾರಿಯು ಜೆರಾಕ್ಸ್ ಪ್ರತಿಯ ಮೇಲೆ ಹಸಿರು ಶಾಯಿಯಲ್ಲಿ ಹಾಕುತ್ತಿದ್ದ ‘ಮೂಲಪ್ರತಿಗೆ ಸರಿಯಿದೆ’ ಎಂಬ ಸಹಿಯನ್ನು ಇನ್ನೂ ಅನೇಕರು ಈ ದೃಢೀಕರಣವೆಂದೇ ತಿಳಿಯುತ್ತಾರೆ. ಅದು ದೇಶದೊಳಗಿನ ಕಚೇರಿಗಳಿಗಾಗಿ ಇದ್ದ ಏರ್ಪಾಡು. ಪರದೇಶದ ವ್ಯವಹಾರಕ್ಕೆ ಅದು ನಡೆಯುವುದಿಲ್ಲ. ಮುದ್ರೆಗಳು ಬೀಳುವುದು ಮೂಲ ಪತ್ರದ ಹಿಂಬದಿಯಲ್ಲಿ. ಆದಕಾರಣ ಲ್ಯಾಮಿನೇಷನ್ ಮಾಡಿಸಿದ ಪತ್ರವನ್ನು ಸ್ವೀಕರಿಸುವುದು ಕಷ್ಟ. ಹಾಳೆಯನ್ನು ಬಿಡಿಸಲು ಹೋಗಿ ಪತ್ರವನ್ನೇ ಹರಿದುಕೊಳ್ಳುವ ಬದಲು ವಿಶ್ವವಿದ್ಯಾಲಯದಿಂದ ಎರಡನೆಯ ಪ್ರತಿಗೆ ಅರ್ಜಿ ಹಾಕುವುದೇ ಲೇಸು. ಪತ್ರವು ಏಜೆಂಟರ ಕೈಯಿಂದ ಹಿಂದಿರುಗಿದಾಗ ಅಪೊಸ್ಟಿಲ್ ಚೀಟಿಯ ಮೇಲಿನ ಸಂಖ್ಯೆಯನ್ನು ಸಚಿವಾಲಯದ ಜಾಲತಾಣದಲ್ಲಿ ನಮೂದಿಸಿ ನೋಡಬೇಕು. ಅಲ್ಲಿ ಆ ಸಂಖ್ಯೆ ಸಿಗದಿದ್ದರೆ, ಅಥವಾ ಸಿಕ್ಕ ವಿವರವು ಕೈಯಲ್ಲಿರುವ ಪತ್ರಕ್ಕೆ ಹೊಂದದಿದ್ದರೆ, ಚೀಟಿ ನಕಲಿಯೆಂದು ಶಂಕಿಸಿ, ವಿಮಾನದ ಟಿಕೆಟ್ ಕೊಳ್ಳುವ ಮೊದಲೇ ಸಚಿವಾಲಯಕ್ಕೆ ಬರೆದು ಕೇಳಬೇಕು.